ದೂರದ ಪಾತ್ರದ ಚಲನೆ: ಬಹುಆಟಗಾರ ಗೇಮ್‌ಗಳಲ್ಲಿ ಜಿಗಿತ ಮತ್ತು ಜಾರಿಕೆಯ ನಿವಾರಣೆ

ಇಂಟರ್ನೆಟ್ ಮೂಲಕ ಹಲವರು ಸೇರಿ ಆಡುವ ಗೇಮ್‌ನಲ್ಲಿ ಪ್ರತಿಯೊಬ್ಬನ ಪರದೆಯ ಮೇಲೂ ಎರಡು ಬಗೆಯ ಪಾತ್ರಗಳಿರುತ್ತವೆ. ಒಂದು, ಅವನೇ ನಡೆಸುವ ಪಾತ್ರ. ಉಳಿದವು ಬೇರೆಲ್ಲೋ ಕುಳಿತವರು ನಡೆಸುವ ಪಾತ್ರಗಳು. ಈ ಎರಡನೆಯ ಬಗೆಯನ್ನು ಇಲ್ಲಿ ದೂರದ ಪಾತ್ರ ಎಂದು ಕರೆಯಲಾಗಿದೆ. ಅದರ ಬಗ್ಗೆ ನಮ್ಮ ಯಂತ್ರಕ್ಕೆ ತಿಳಿದಿರುವುದೆಲ್ಲ ತಡವಾಗಿ, ತುಂಡು ತುಂಡಾಗಿ, ಕೆಲವೊಮ್ಮೆ ಕ್ರಮ ತಪ್ಪಿ ಬರುವ ಪ್ಯಾಕೆಟ್‌ಗಳಿಂದ. ಆ ತುಂಡುಗಳಿಂದ ಅಖಂಡವಾದ ನಡಿಗೆಯನ್ನು ಕಟ್ಟಿ ತೋರಿಸುವ ತಂತ್ರಗಳೇ ಈ ಲೇಖನದ ವಸ್ತು.

ಕಟ್ಟುವುದು ತಪ್ಪಿದಾಗ ಕಣ್ಣಿಗೆ ಬೀಳುವ ದೋಷಗಳು ಮುಖ್ಯವಾಗಿ ಎರಡು. ಪಾತ್ರ ಒಂದು ಫ್ರೇಮಿನಲ್ಲಿ ಇಲ್ಲಿದ್ದು ಮುಂದಿನ ಫ್ರೇಮಿನಲ್ಲಿ ಮಾರು ದೂರ ಕಾಣಿಸಿಕೊಂಡರೆ ಅದು ಜಿಗಿತ. ದೇಹ ಒಂದು ವೇಗದಲ್ಲಿ ಸಾಗುತ್ತಿದ್ದು ಕಾಲುಗಳು ಇನ್ನೊಂದು ವೇಗದಲ್ಲಿ ಆಡುತ್ತಿದ್ದರೆ ಅಥವಾ ಆಡದೇ ನಿಂತಿದ್ದರೆ ಅದು ಜಾರಿಕೆ. ಇವನ್ನು ಎರಡು ಪ್ರತ್ಯೇಕ ತೊಂದರೆಗಳೆಂದು ಎಣಿಸಿ ಬೇರೆ ಬೇರೆ ಜನ ಬೇರೆ ಬೇರೆ ಕಡೆ ಸರಿಪಡಿಸಲು ಹೊರಡುವುದು ಸ್ಟುಡಿಯೋಗಳಲ್ಲಿ ಸಾಮಾನ್ಯ: ನೆಟ್‌ವರ್ಕ್ ಪ್ರೋಗ್ರಾಮರ್ ಜಿಗಿತವನ್ನು ನೋಡಿಕೊಳ್ಳುತ್ತಾನೆ, ಅನಿಮೇಷನ್ ವಿಭಾಗ ಜಾರಿಕೆಯನ್ನು. ಆದರೆ ಮೂಲದಲ್ಲಿ ಇವು ಒಂದೇ ತಪ್ಪಿನ ಎರಡು ರೂಪಗಳು. ಸ್ಥಾನದಲ್ಲಿರುವ ತಪ್ಪನ್ನು ಒಮ್ಮೆಲೇ ತೀರಿಸಿದರೆ ಜಿಗಿತ. ಅದನ್ನೇ ಹಲವು ಫ್ರೇಮುಗಳಿಗೆ ಹರಡಿದರೆ, ಕಾಲುಗಳಿಗೆ ಸುದ್ದಿ ಮುಟ್ಟಿಸದ ಹೊರತು, ಜಾರಿಕೆ.

ತಪ್ಪು ಹುಟ್ಟುವ ಬಗೆ

ಪಾತ್ರವೊಂದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನೋಣ. ಅನ್‌ರಿಯಲ್ ಎಂಜಿನ್‌ನಲ್ಲಿ ಹೊಸ ಪಾತ್ರಕ್ಕೆ ತಾನಾಗಿ ಸಿಗುವ ವೇಗವೂ ಇದೇ. ಸರ್ವರ್ ಸೆಕೆಂಡಿಗೆ 20 ಬಾರಿ ಅದರ ಸ್ಥಿತಿಯನ್ನು ಕಳಿಸಿದರೆ ಎರಡು ಸಂದೇಶಗಳ ನಡುವೆ 50 ಮಿಲಿಸೆಕೆಂಡ್, ಅಂದರೆ 30 ಸೆಂಟಿಮೀಟರ್ ಓಟ. ನಮ್ಮ ಪರದೆ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತದೆ. ಬಂದ ಸ್ಥಾನವನ್ನು ಬಂದ ಹಾಗೇ ತೋರಿಸಿದರೆ ಪಾತ್ರ ಮೂರು ಚಿತ್ರಗಳ ಕಾಲ ಅಲುಗಾಡದೆ ನಿಂತು, ಒಮ್ಮೆಗೆ 30 ಸೆಂಟಿಮೀಟರ್ ಹಾರುತ್ತದೆ. ಒಂದು ಪ್ಯಾಕೆಟ್ ಕಳೆದುಹೋದರೆ ಹಾರುವ ದೂರ 60 ಸೆಂಟಿಮೀಟರ್.

ಇದಕ್ಕೆ ವಿಳಂಬವೂ ಸೇರುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೂ 800 ಕಿಲೋಮೀಟರ್ ಮೀರುತ್ತದೆ. ಹಾಗಾಗಿ ಮುಂಬೈಯ ಸರ್ವರಿನಲ್ಲಿ ಆಡುವ ಬೆಂಗಳೂರಿನವನಿಗೆ ಹೋಗಿ ಬರಲು 8 ಮಿಲಿಸೆಕೆಂಡ್ ಭೌತಶಾಸ್ತ್ರವೇ ವಿಧಿಸಿದ ಕನಿಷ್ಠ. ಕೇಬಲ್ಲಿನ ಸುತ್ತುದಾರಿ, ರೂಟರ್‌ಗಳು, ಮನೆಯ ವೈಫೈ ಇವೆಲ್ಲ ಅದನ್ನು ಹಲವು ಪಟ್ಟು ಹಿಗ್ಗಿಸುತ್ತವೆ. ಆದರೆ ಚಲನೆಯನ್ನು ಕೆಡಿಸುವುದು ವಿಳಂಬಕ್ಕಿಂತ ಹೆಚ್ಚಾಗಿ ವಿಳಂಬದ ಏರಿಳಿತ, ಇಂಗ್ಲಿಷಿನಿಂದ ಬಂದು ನಿಂತಿರುವ ಹೆಸರಿನಲ್ಲಿ ಹೇಳುವುದಾದರೆ ಜಿಟರ್. ಪ್ರತಿ ಪ್ಯಾಕೆಟ್ಟೂ ತಪ್ಪದೆ 80 ಮಿಲಿಸೆಕೆಂಡ್ ತಡವಾಗಿ ಬಂದರೆ ಪಾತ್ರ ಹಳೆಯ ಸುದ್ದಿಯಲ್ಲಿದ್ದರೂ ನಯವಾಗಿಯೇ ಓಡುತ್ತದೆ. ಒಂದು 60ಕ್ಕೆ, ಇನ್ನೊಂದು 110ಕ್ಕೆ ಬಂದರೆ ಓಟ ಮುಗ್ಗರಿಸುತ್ತದೆ.

ಹಿನ್ನೆಲೆ

ಈ ತೊಂದರೆ ಗೇಮ್‌ಗಳಿಗಿಂತ ಮೊದಲು ಸೈನಿಕ ತರಬೇತಿಯಲ್ಲಿ ಎದುರಾಯಿತು. 1980ರ ದಶಕದಲ್ಲಿ ಅಮೆರಿಕದ ಡಾರ್ಪಾ ಸಂಸ್ಥೆ ಬೇರೆ ಬೇರೆ ನೆಲೆಗಳ ಟ್ಯಾಂಕ್ ಸಿಮ್ಯುಲೇಟರ್‌ಗಳನ್ನು ಸಿಮ್‌ನೆಟ್ ಎಂಬ ಜಾಲದಲ್ಲಿ ಜೋಡಿಸಿತು. ಅಲ್ಲಿ ಬಳಸಿದ ಡೆಡ್ ರೆಕನಿಂಗ್ ವಿಧಾನ 1993ರಲ್ಲಿ ಐಇಇಇ 1278 ಮಾನದಂಡದೊಳಗೆ ಸೇರಿತು. ಕೊನೆಯದಾಗಿ ತಿಳಿದ ಸ್ಥಾನ ಮತ್ತು ವೇಗದಿಂದ ಪ್ರತಿ ಯಂತ್ರವೂ ಟ್ಯಾಂಕನ್ನು ಮುಂದೆ ಓಡಿಸಿಕೊಳ್ಳುತ್ತದೆ. ಟ್ಯಾಂಕಿನ ಒಡೆಯನ ಯಂತ್ರವೂ ಅದೇ ಊಹೆಯನ್ನು ನಡೆಸಿ, ನಿಜಕ್ಕೂ ಊಹೆಗೂ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಅಂತರ ಬಿದ್ದಾಗ ಮಾತ್ರ ಹೊಸ ಸಂದೇಶ ಕಳಿಸುತ್ತದೆ. ಟ್ಯಾಂಕಿಗೆ ಇದು ಹೊಂದುತ್ತದೆ, ಏಕೆಂದರೆ ಹತ್ತಾರು ಟನ್ ತೂಕದ ಯಂತ್ರ ಕ್ಷಣಾರ್ಧದಲ್ಲಿ ದಿಕ್ಕು ಬದಲಿಸಲಾರದು. ಗೇಮ್‌ನ ಪಾತ್ರ ಬದಲಿಸಬಲ್ಲದು, ಬದಲಿಸುತ್ತಲೇ ಇರುತ್ತದೆ.

1996ರ ಕ್ವೇಕ್‌ನಲ್ಲಿ ಮೋಡೆಮ್ ಬಳಸುವ ಆಟಗಾರ ಕೀಲಿ ಒತ್ತಿದರೆ ಸುದ್ದಿ ಸರ್ವರಿಗೆ ಹೋಗಿ ಮರಳುವವರೆಗೆ ಅವನ ಪಾತ್ರವೇ ಕದಲುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಬಂದ ಕ್ವೇಕ್‌ವರ್ಲ್ಡ್‌ನಲ್ಲಿ ಜಾನ್ ಕಾರ್ಮ್ಯಾಕ್ ಸ್ವಂತ ಪಾತ್ರದ ಚಲನೆಯನ್ನು ಆಟಗಾರನ ಯಂತ್ರವೇ ಮುಂಚಿತವಾಗಿ ಲೆಕ್ಕ ಹಾಕುವಂತೆ ಮಾಡಿದರು. ಸ್ವಂತ ಪಾತ್ರಕ್ಕೆ ಇದು ಸಾಕು, ಏಕೆಂದರೆ ಕೀಲಿ ನಮ್ಮ ಕೈಯಲ್ಲೇ ಇದೆ. ಎದುರಾಳಿಯ ಕೀಲಿಗಳು ನಮ್ಮ ಕೈಯಲ್ಲಿಲ್ಲ. ಅವನನ್ನು ತೋರಿಸುವ ಬಗೆಯನ್ನು ಹಾಫ್-ಲೈಫ್ ಗೇಮ್‌ನ ಅನುಭವದಿಂದ ವ್ಯವಸ್ಥಿತವಾಗಿ ಬರೆದಿಟ್ಟವರು ವಾಲ್ವ್ ಕಂಪನಿಯ ಯಾನ್ ಬರ್ನಿಯರ್. 2001ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ಗೆ ಅವರು ಸಿದ್ಧಪಡಿಸಿದ ಆ ಪ್ರಬಂಧವನ್ನು ಈ ಕೆಲಸಕ್ಕೆ ಇಳಿದವರು ಇಂದಿಗೂ ಮೊದಲು ಓದುತ್ತಾರೆ.

ಹಿಂದಿನ ಕ್ಷಣವನ್ನು ತೋರಿಸುವುದು

ಬರ್ನಿಯರ್ ವಿವರಿಸಿದ ದಾರಿಗಳಲ್ಲಿ ಒಂದು ಇಂಟರ್‌ಪೊಲೇಷನ್. ಎದುರಾಳಿ ಈಗ ಎಲ್ಲಿದ್ದಾನೆ ಎಂದು ಊಹಿಸುವ ಗೋಜಿಗೇ ಹೋಗದೆ, ಅವನು ಸ್ವಲ್ಪ ಹೊತ್ತಿನ ಹಿಂದೆ ಎಲ್ಲಿದ್ದ ಎಂಬ ಖಚಿತ ಸಂಗತಿಯನ್ನು ತೋರಿಸುವುದು. ಬಂದ ಸ್ನ್ಯಾಪ್‌ಶಾಟ್‌ಗಳನ್ನು ಬಫರಿನಲ್ಲಿ ಕೂಡಿಟ್ಟು, ಸರ್ವರಿನ ಸಮಯಕ್ಕಿಂತ ಇಷ್ಟು ಹಿಂದೆ ಎಂದು ಗೊತ್ತುಮಾಡಿದ ಕ್ಷಣದ ಆಚೀಚೆ ಇರುವ ಎರಡು ಸ್ನ್ಯಾಪ್‌ಶಾಟ್‌ಗಳ ನಡುವಿನ ಸ್ಥಾನವನ್ನು ಲೆಕ್ಕ ಹಾಕುತ್ತಾರೆ. ವಾಲ್ವ್‌ನ ಸೋರ್ಸ್ ಎಂಜಿನ್‌ನಲ್ಲಿ ಈ ಹಿನ್ನಡೆಯನ್ನು ಹೇಳುವ `cl_interp` ಗೆ ಮೊದಲೇ ಇಟ್ಟಿದ್ದ ಬೆಲೆ 0.1 ಸೆಕೆಂಡ್, ಸಂದೇಶಗಳ ದರ ಸೆಕೆಂಡಿಗೆ 20. ಅಂದರೆ ಎರಡು ಸಂದೇಶಗಳಷ್ಟು ಹಿನ್ನಡೆ. ನಡುವಿನ ಒಂದು ಸಂದೇಶ ಕಳೆದುಹೋದರೂ ಅದರ ಆಚೀಚಿನ ಎರಡು ಕೈಯಲ್ಲಿರುತ್ತವೆ ಎಂಬುದು ಈ ಸಂಖ್ಯೆಯ ಹಿಂದಿನ ಲೆಕ್ಕ. ಒಂದು ನಷ್ಟದ ಮೇಲೆ ಜಿಟರ್ ಕೂಡ ಬಂದು ಕೂತರೆ ಬಫರ್ ಬರಿದಾಗುತ್ತದೆ.

ಪ್ಯಾಕೆಟ್ ಬಂದು ತಲುಪಿದ ಸಮಯವನ್ನು ಆಧಾರವಾಗಿ ಹಿಡಿಯುವುದು ಇಲ್ಲಿ ಹೊಸಬರು ಮಾಡುವ ತಪ್ಪು. ಹಾಗೆ ಮಾಡಿದರೆ ಜಿಟರ್ ನೇರವಾಗಿ ವೇಗದ ಏರಿಳಿತವಾಗಿ ಪರದೆಗೆ ಬರುತ್ತದೆ. ಪ್ಯಾಕೆಟ್ಟಿನೊಳಗೆ ಸರ್ವರ್ ಬರೆದ ಸಮಯವನ್ನೇ ಬಳಸಬೇಕು. ನಮ್ಮ ಗಡಿಯಾರ ಸರ್ವರಿನದಕ್ಕಿಂತ ಹಿಂದೆ ಮುಂದೆ ಸರಿದಾಗಲೂ ಒಮ್ಮೆಲೇ ಜೋಡಿಸದೆ, ಆಡಿಸುವ ವೇಗವನ್ನು ನೂರಕ್ಕೆ ಎರಡು ಮೂರರಷ್ಟು ಹೆಚ್ಚು ಕಡಿಮೆ ಮಾಡಿ ಹೊಂದಿಸಬೇಕು. ಅಷ್ಟು ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ.

ಎರಡು ಬಿಂದುಗಳ ನಡುವೆ ಸರಳ ಗೆರೆ ಎಳೆದರೆ ಸ್ಥಾನ ಅಖಂಡವಾಗಿರುತ್ತದೆ, ವೇಗ ಇರುವುದಿಲ್ಲ. ಪ್ರತಿ ಸ್ನ್ಯಾಪ್‌ಶಾಟ್‌ನಲ್ಲೂ ದಿಕ್ಕು ಸಣ್ಣಗೆ ಮುರಿಯುತ್ತದೆ. ಸೆಕೆಂಡಿಗೆ 20 ಸಂದೇಶಗಳಿದ್ದಾಗ ಓಟದಲ್ಲಿ ಇದು ಗೋಚರಿಸುವುದು ಕಡಿಮೆ. ಹತ್ತೇ ಇದ್ದಾಗ ನೆಗೆತದ ತುದಿ ಚಪ್ಪಟೆಯಾಗುತ್ತದೆ, ವೃತ್ತದಲ್ಲಿ ಓಡುವವನು ಬಹುಭುಜದಲ್ಲಿ ಓಡುತ್ತಾನೆ. ಸ್ಥಾನದ ಜೊತೆ ವೇಗವನ್ನೂ ಕಳಿಸಿ ಹರ್ಮಿಟ್ ವಕ್ರರೇಖೆ ಎಳೆದರೆ ಇದು ವಾಸಿಯಾಗುತ್ತದೆ. ಆದರೆ ಓಡುತ್ತಿದ್ದವನು ಗೋಡೆಗೆ ಬಡಿದು ನಿಂತಾಗ ಅದೇ ವಕ್ರರೇಖೆ ಹಳೆಯ ವೇಗವನ್ನು ನಂಬಿ ಪಾತ್ರವನ್ನು ಗೋಡೆಯೊಳಗೆ ತುಸು ತೂರಿಸಿ ಹಿಂದೆ ತರುತ್ತದೆ. ಹೀಗಾಗಿ ವೇಗ ಥಟ್ಟನೆ ಬದಲಾದ ತುಣುಕುಗಳಿಗೆ ಸರಳ ಗೆರೆಯೇ ಲೇಸು. ತಿರುಗುವ ಕೋನಕ್ಕೂ ಒಂದು ಎಚ್ಚರಿಕೆ ಬೇಕು: 359 ಡಿಗ್ರಿಯಿಂದ 1 ಡಿಗ್ರಿಗೆ ಹೋಗುವಾಗ ಹತ್ತಿರದ ದಾರಿ ಹಿಡಿಯದಿದ್ದರೆ ಪಾತ್ರ ಒಂದು ಸುತ್ತು ಗಿರಕಿ ಹೊಡೆಯುತ್ತದೆ.

ಸತ್ತು ಮತ್ತೆ ಹುಟ್ಟಿದ ಪಾತ್ರ, ಮಾಯದ ಬಾಗಿಲು ದಾಟಿದ ಪಾತ್ರ ನಿಜಕ್ಕೂ ಜಿಗಿದಿರುತ್ತದೆ. ಅದನ್ನು ನಯಗೊಳಿಸಿದರೆ ನಕ್ಷೆಯುದ್ದಕ್ಕೂ ಗೋಡೆಗಳನ್ನು ತೂರಿಕೊಂಡು ಹಾರುವ ದೇಹ ಕಾಣುತ್ತದೆ. ದೂರ ನೋಡಿ ಇದನ್ನು ಊಹಿಸುವುದಕ್ಕಿಂತ ಸರ್ವರೇ ಹೇಳಿಬಿಡುವುದು ಒಳ್ಳೆಯದು. ಸೋರ್ಸ್‌ನಲ್ಲಿ ಇದಕ್ಕೆಂದೇ `EF_NOINTERP` ಎಂಬ ಗುರುತಿದೆ.

ಮುಂದಿನದನ್ನು ಊಹಿಸುವುದು

ಹಿನ್ನಡೆ ಬೇಡವೆನ್ನುವವರು ಡೆಡ್ ರೆಕನಿಂಗ್‌ನ ದಾರಿಗೇ ಬರುತ್ತಾರೆ. ಅನ್‌ರಿಯಲ್ ಎಂಜಿನ್‌ನ ಪಾತ್ರ ವ್ಯವಸ್ಥೆ ಈ ಬಳಗದ್ದು. ಹೊಸ ಸಂದೇಶ ಬರುವವರೆಗೆ ದೂರದ ಪಾತ್ರವನ್ನು ಅದು ಕೊನೆಯ ವೇಗದಲ್ಲಿ ಮುಂದೆ ಓಡಿಸುತ್ತಿರುತ್ತದೆ. ಅದರ ಜಾಣತನ ಇರುವುದು ಪಾತ್ರವನ್ನು ಎರಡಾಗಿ ಸೀಳಿರುವುದರಲ್ಲಿ. ಡಿಕ್ಕಿ, ನೆಲ, ಗೋಡೆಗಳ ಲೆಕ್ಕಕ್ಕೆ ಕಣ್ಣಿಗೆ ಕಾಣದ ಕ್ಯಾಪ್ಸೂಲ್ ಇದೆ. ಕಣ್ಣಿಗೆ ಕಾಣುವುದು ಅದಕ್ಕೆ ಅಂಟಿರುವ ಮೆಶ್. ಸಂದೇಶ ಬಂದೊಡನೆ ಕ್ಯಾಪ್ಸೂಲ್ ಸರಿಯಾದ ಜಾಗಕ್ಕೆ ಒಂದೇ ಏಟಿಗೆ ಹೋಗುತ್ತದೆ. ಮೆಶ್ ಮಾತ್ರ ಹಳೆಯ ಜಾಗದಲ್ಲೇ ಉಳಿಯುವಂತೆ ಎರಡರ ಅಂತರವನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಆ ಅಂತರವನ್ನು ಫ್ರೇಮಿನಿಂದ ಫ್ರೇಮಿಗೆ ಕರಗಿಸುತ್ತಾರೆ.

```
offset   = offset + (oldPos - newPos)   // ಸಂದೇಶ ಬಂದಾಗ
offset   = offset * exp(-dt / T)        // ಪ್ರತಿ ಫ್ರೇಮಿನಲ್ಲಿ
meshPos  = capsulePos + offset
```

ಅನ್‌ರಿಯಲ್‌ನಲ್ಲಿ `NetworkSimulatedSmoothLocationTime` ಎಂಬ ಹೆಸರಿನ T ಯ ಬೆಲೆ 0.1 ಸೆಕೆಂಡ್. ಅಂತರ `NetworkMaxSmoothUpdateDistance` ಅಂದರೆ 256 ಸೆಂಟಿಮೀಟರ್ ಮೀರಿದರೆ ಅಷ್ಟಕ್ಕೆ ಕತ್ತರಿಸಲಾಗುತ್ತದೆ, `NetworkNoSmoothUpdateDistance` ಅಂದರೆ 384 ಮೀರಿದರೆ ನಯಗೊಳಿಸುವುದನ್ನೇ ಕೈಬಿಟ್ಟು ಜಿಗಿಸಲಾಗುತ್ತದೆ. ಎಂಜಿನ್ನಿನ ಒಳಗಿನ ಕೋಡ್ `exp` ಬದಲು `1 - dt / T` ಬಳಸುತ್ತದೆ. ಫ್ರೇಮ್ ದರ ಹೆಚ್ಚಿದ್ದಾಗ ಎರಡೂ ಬಹುತೇಕ ಒಂದೇ. ಸೆಕೆಂಡಿಗೆ 30 ಫ್ರೇಮಿಗೆ ಇಳಿದಾಗ ಎರಡನೆಯದು ಅಂತರವನ್ನು ಹೆಚ್ಚು ಅವಸರದಿಂದ ಕರಗಿಸುತ್ತದೆ, ಹಾಗಾಗಿ ನಿಧಾನದ ಯಂತ್ರದಲ್ಲಿ ತಿದ್ದುಪಡಿಗಳು ಒರಟಾಗಿ ಕಾಣುತ್ತವೆ.

ಈಗ ಒಂದು ಪ್ರಸಂಗವನ್ನು ಕೊನೆಯವರೆಗೆ ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುತ್ತಿದ್ದ ಎದುರಾಳಿ, ಒಂದು ಸಂದೇಶ ಹೊರಟ ಮರುಕ್ಷಣವೇ ನಿಂತುಬಿಟ್ಟ. ನಿಂತ ಸುದ್ದಿ ಹೊತ್ತ ಮೊದಲ ಪ್ಯಾಕೆಟ್ ಕಳೆದುಹೋಯಿತು, ಎರಡನೆಯದು 50 ಮಿಲಿಸೆಕೆಂಡ್ ತಡವಾಯಿತು. ಒಟ್ಟು 150 ಮಿಲಿಸೆಕೆಂಡ್ ನಮ್ಮ ಯಂತ್ರ ಅವನನ್ನು ಓಡಿಸುತ್ತಲೇ ಇತ್ತು. ಸುದ್ದಿ ಬಂದಾಗ ಅವನು 90 ಸೆಂಟಿಮೀಟರ್ ಮುಂದೆ ಹೋಗಿದ್ದಾನೆ. 256ರ ಮಿತಿಯೊಳಗಿರುವುದರಿಂದ ನಯಗೊಳಿಸುವಿಕೆ ಶುರುವಾಗುತ್ತದೆ. T 0.1 ಆಗಿದ್ದು 60 ಫ್ರೇಮಿನ ಪರದೆಯಲ್ಲಿ ಎಂಜಿನ್ನಿನ ಸೂತ್ರವನ್ನೇ ಹಿಡಿದರೆ ಮೊದಲ ಫ್ರೇಮಿನಲ್ಲಿ ಅಂತರ 75ಕ್ಕೆ ಇಳಿಯುತ್ತದೆ, ಆರನೆಯದಕ್ಕೆ 30, ಹನ್ನೆರಡನೆಯದಕ್ಕೆ 10, ಹದಿನೆಂಟನೆಯದಕ್ಕೆ 3 ಸೆಂಟಿಮೀಟರ್ ಚಿಲ್ಲರೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ಪರದೆಯ ಮೇಲೆ ನಡೆಯುವುದೇ ಬೇರೆ. 90 ಸೆಂಟಿಮೀಟರ್ ಅಂತರ 0.1 ಸೆಕೆಂಡಿನ ಲೆಕ್ಕದಲ್ಲಿ ಕರಗಲು ತೊಡಗಿದಾಗ ಆರಂಭದ ವೇಗ ಸೆಕೆಂಡಿಗೆ 9 ಮೀಟರ್, ಅವನು ಓಡುತ್ತಿದ್ದುದಕ್ಕಿಂತಲೂ ಹೆಚ್ಚು, ಅದೂ ಹಿಮ್ಮುಖವಾಗಿ. ಕ್ಯಾಪ್ಸೂಲ್‌ನ ವೇಗ ಸೊನ್ನೆಯಾದ್ದರಿಂದ ಅನಿಮೇಷನ್ ವ್ಯವಸ್ಥೆ ನಿಂತ ಭಂಗಿಯನ್ನು ಹಾಕಿರುತ್ತದೆ. ಕೈಕಾಲು ಆಡಿಸದ ಸೈನಿಕನೊಬ್ಬ ಕೇರಂ ಬೋರ್ಡಿನ ಕಾಯಿಯಂತೆ ಹಿಂದಕ್ಕೆ ಜಾರಿ ಬಂದು ನಿಲ್ಲುತ್ತಾನೆ. ಅನ್‌ರಿಯಲ್ ವೇಗ ಸೊನ್ನೆಯಾದ ಪಾತ್ರಕ್ಕೆ T ಯನ್ನು ಅರ್ಧಕ್ಕೆ ಇಳಿಸುತ್ತದೆ. ಜಾರಿಕೆ ಬೇಗ ಮುಗಿಯುತ್ತದೆ ನಿಜ, ಆದರೆ ಅದರ ಆರಂಭ ಇನ್ನಷ್ಟು ರಭಸವಾಗುತ್ತದೆ. ಜಿಗಿತ ಹೋಯಿತು, ಜಾರಿಕೆ ಬಂತು.

ಬಹಳ ಸಲ ಜನ ಇಲ್ಲಿ T ಯನ್ನು ತಿರುಚುತ್ತಾ ಕೂರುತ್ತಾರೆ. ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ, ಏಕೆಂದರೆ ತೊಂದರೆ ಕರಗಿಸುವ ಅವಧಿಯಲ್ಲಿಲ್ಲ, ತಪ್ಪಿನ ದಿಕ್ಕಿನಲ್ಲಿದೆ. ಓಟದ ದಿಕ್ಕಿನಲ್ಲೇ 30 ಸೆಂಟಿಮೀಟರ್ ಹಿಂದುಳಿದವನನ್ನು 300 ಮಿಲಿಸೆಕೆಂಡಿನಲ್ಲಿ ಕೂಡಿಸಬೇಕಾದರೆ ಅವನ ವೇಗ 6ರಿಂದ 7 ಮೀಟರಿಗೆ ಏರಿದರೆ ಸಾಕು. ಓಡುವವನು ಇನ್ನಷ್ಟು ಚುರುಕಾಗಿ ಓಡಿದನೆಂದಷ್ಟೇ ಕಾಣುತ್ತದೆ. ಅದೇ 30 ಸೆಂಟಿಮೀಟರ್ ಹಿಮ್ಮುಖವಾಗಿದ್ದರೆ ಅದಕ್ಕೆ ಹೊಂದುವ ಸಹಜ ಮಾನವ ಚಲನೆ ಸಿಗುವುದು ಕಷ್ಟ. ಮುಂದೆ ತಪ್ಪುವುದಕ್ಕಿಂತ ಹಿಂದೆ ತಪ್ಪುವುದು ಅಗ್ಗ.

ಈ ಅಸಮತೆಯನ್ನು ಊಹೆಯೊಳಗೇ ಸೇರಿಸಬಹುದು. ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರದಿದ್ದರೆ ಪಾತ್ರವನ್ನು ಅದೇ ವೇಗದಲ್ಲಿ ಓಡಿಸುತ್ತಾ ಹೋಗದೆ, ಅಲ್ಲಿಂದಾಚೆಗೆ ವೇಗವನ್ನು ಇಳಿಸುತ್ತಾ ಬರುವುದು. ಮೇಲಿನ ಪ್ರಸಂಗದಲ್ಲಿ ಮೊದಲ 50 ಮಿಲಿಸೆಕೆಂಡ್ ಪೂರ್ತಿ ವೇಗ, ಮುಂದಿನ 100ರಲ್ಲಿ ಸಮನಾಗಿ ಸೊನ್ನೆಗೆ ಇಳಿಕೆ ಎಂದಿಟ್ಟರೆ ದಾಟಿದ ದೂರ 30 ಮತ್ತು 30 ಸೇರಿ 60 ಸೆಂಟಿಮೀಟರ್ ಆಗುತ್ತದೆ, 90 ಅಲ್ಲ. ಅವನು ನಿಜಕ್ಕೂ ನಿಲ್ಲದೆ ಓಡುತ್ತಲೇ ಇದ್ದಿದ್ದರೆ? ಆಗ ನಮ್ಮ ಪರದೆಯಲ್ಲಿ 30 ಸೆಂಟಿಮೀಟರ್ ಹಿಂದುಳಿದಿರುತ್ತಾನೆ, ಅದು ಈಗಷ್ಟೇ ಹೇಳಿದ ಅಗ್ಗದ ತಪ್ಪು. ಸೋರ್ಸ್ ಎಂಜಿನ್ ಕೂಡ ಬಫರ್ ಬರಿದಾದಾಗ ಊಹೆಗೆ ಇಳಿಯುತ್ತದೆ, ಆದರೆ `cl_extrapolate_amount` ನ 0.25 ಸೆಕೆಂಡ್ ಮುಗಿದ ಮೇಲೆ ಅಲ್ಲಿಗೇ ನಿಲ್ಲಿಸುತ್ತದೆ.

ಕಾಲುಗಳಿಗೆ ಸುದ್ದಿ ಮುಟ್ಟಿಸುವುದು

ಜಾರಿಕೆಯ ಮುಖ್ಯ ಕಾರಣ ಒಂದೇ ವಾಕ್ಯದ್ದು: ಕಾಲುಗಳು ಜಾಲದಿಂದ ಬಂದ ವೇಗವನ್ನು ಕೇಳುತ್ತವೆ, ದೇಹ ನಯಗೊಳಿಸಿದ ವೇಗದಲ್ಲಿ ಸಾಗುತ್ತದೆ. ಹಾಗಾಗಿ ಪರಿಹಾರದ ಮೊದಲ ಹೆಜ್ಜೆ ಅನಿಮೇಷನ್ನಿಗೆ ಸರ್ವರ್ ಹೇಳಿದ ವೇಗವನ್ನು ಕೊಡುವುದನ್ನು ಬಿಡುವುದು. ಮೆಶ್ ಕಳೆದ ಫ್ರೇಮಿನಲ್ಲಿ ಎಲ್ಲಿ ಬಿಡಿಸಲ್ಪಟ್ಟಿತ್ತು, ಈಗ ಎಲ್ಲಿದೆ ಎಂಬುದನ್ನು `dt` ಯಿಂದ ಭಾಗಿಸಿದರೆ ಕಾಣುವ ವೇಗ ಸಿಗುತ್ತದೆ. ಪಾದಗಳಿಗೆ ಬೇಕಾದದ್ದು ಅದೇ. ನೋಡುಗನ ಕಣ್ಣು ಹೋಲಿಸುವುದು ಕಾಣುವ ನೆಲವನ್ನೂ ಕಾಣುವ ಪಾದವನ್ನೂ ಹೊರತು ಸರ್ವರಿನ ಅಂಕಿಯನ್ನಲ್ಲ.

ಪ್ರತಿ ಓಟದ ಅನಿಮೇಷನ್ನಿಗೂ ಹುಟ್ಟಿನಿಂದ ಒಂದು ವೇಗವಿರುತ್ತದೆ, ಅದನ್ನು ನಟಿಸಿದವನು ಅಥವಾ ಚಿತ್ರಿಸಿದವನು ಎಷ್ಟು ವೇಗದ ಓಟಕ್ಕೆಂದು ಮಾಡಿದನೋ ಅಷ್ಟು. ಸೆಕೆಂಡಿಗೆ 6 ಮೀಟರಿನ ಓಟವನ್ನು 7 ಮೀಟರಿನಲ್ಲಿ ಸಾಗುವ ದೇಹಕ್ಕೆ ಹಾಗೇ ಹಾಕಿದರೆ, ಪಾದ ನೆಲಕ್ಕೆ ತಾಗಿರುವ 0.2 ಸೆಕೆಂಡಿನಲ್ಲಿ 20 ಸೆಂಟಿಮೀಟರ್ ಜಾರುತ್ತದೆ. ಅನಿಮೇಷನ್ನನ್ನು 7 ಭಾಗಿಸು 6, ಅಂದರೆ 1.17 ಪಟ್ಟು ವೇಗದಲ್ಲಿ ಆಡಿಸಿದರೆ ಜಾರುವುದಿಲ್ಲ. ಈ ಗುಣಕವನ್ನು 0.8ರಿಂದ 1.2ರೊಳಗೆ ಹಿಡಿದಿಡುವುದು ಒಳ್ಳೆಯದು. ಅದರಾಚೆ ಹೋದರೆ ಹಳೆಯ ಮೂಕಿ ಚಿತ್ರಗಳ ಜನರಂತೆ ತಟತಟ ಓಡತೊಡಗುತ್ತಾರೆ. ಇನ್ನೂ ವ್ಯತ್ಯಾಸ ಉಳಿದರೆ ಹೆಜ್ಜೆಯ ಉದ್ದವನ್ನೇ ಹಿಗ್ಗಿಸುವ, ಕುಗ್ಗಿಸುವ ವಿಧಾನಗಳಿವೆ.

ಕಾಣುವ ವೇಗದಲ್ಲಿ ಒಂದು ಕಿರಿಕಿರಿ ಇದೆ. ತಿದ್ದುಪಡಿಗಳ ಸಣ್ಣ ನಡುಕವೆಲ್ಲ ಅದರಲ್ಲಿ ಸೇರಿರುತ್ತದೆ, ನಿಂತವನೂ ನಿಂತಲ್ಲೇ ಹೆಜ್ಜೆ ತಡವರಿಸುವಂತೆ ಮಾಡುತ್ತದೆ. ಅದನ್ನು ಕೆಲವು ಫ್ರೇಮುಗಳ ಮೇಲೆ ಸರಾಸರಿ ಮಾಡಬೇಕು, ನಡಿಗೆ ಶುರುವಾಗುವ ಮಿತಿಯನ್ನು ನಿಲ್ಲುವ ಮಿತಿಗಿಂತ ಮೇಲಿಡಬೇಕು. ಸೆಕೆಂಡಿಗೆ 30 ಸೆಂಟಿಮೀಟರ್ ದಾಟಿದರೆ ನಡಿಗೆ, 10ಕ್ಕಿಂತ ಇಳಿದರೆ ನಿಲುವು ಎಂಬಂಥ ಎರಡು ಗೆರೆಗಳಿದ್ದರೆ ಪಾತ್ರ ಅವೆರಡರ ನಡುವೆ ಹೊಯ್ದಾಡುವುದಿಲ್ಲ.

ನಿಂತ ಪಾತ್ರದ ತಿದ್ದುಪಡಿಗೆ ಅಳತೆ ನೋಡಿ ಬೇರೆ ಬೇರೆ ಉಪಾಯ. ಹತ್ತು ಸೆಂಟಿಮೀಟರ್ ಆಸುಪಾಸಿನದಾದರೆ ಪಾದಗಳನ್ನು ಇದ್ದಲ್ಲೇ ಕೀಲಿಸಿ ಸೊಂಟವನ್ನಷ್ಟೇ ಸರಿಸಬಹುದು. ಮಂಡಿ ಮತ್ತು ಹರಡುಗಳನ್ನು ಲೆಕ್ಕ ಹಾಕಿ ಬಾಗಿಸುವ ಐಕೆ ವಿಧಾನ ಅಷ್ಟನ್ನು ನುಂಗಿಕೊಳ್ಳುತ್ತದೆ, ನೋಡುವವನಿಗೆ ಮೈಭಾರ ಬದಲಿಸಿದಂತೆ ತೋರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅವನಿಗೆ ಹೆಜ್ಜೆ ಹಾಕಲು ಬಿಡಬೇಕು, ತಿದ್ದುಪಡಿಯ ವೇಗವನ್ನು ಆ ಹೆಜ್ಜೆಗೆ ತಕ್ಕಂತೆ ಹಿಡಿದಿಡಬೇಕು. 60 ಸೆಂಟಿಮೀಟರನ್ನು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ತೀರಿಸಿದರೆ 0.4 ಸೆಕೆಂಡ್ ಹಿಡಿಯುತ್ತದೆ. ಓಡಿ ಬಂದವನು ಆಯತಪ್ಪಿ ಒಂದು ಹೆಜ್ಜೆ ಹಿಂದಿಟ್ಟಂತೆ ಕಾಣುತ್ತದೆ. ನಿಜದಲ್ಲಿ ಅವನು ಹಾಗೆ ಮಾಡಿಲ್ಲ. ಆದರೂ ದೇಹವೊಂದು ಮಾಡಬಹುದಾದ ಸುಳ್ಳು ಅದು.

ಇಂಟರ್‌ಪೊಲೇಷನ್ ಬಳಸುವ ಗೇಮ್‌ಗಳಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳದವರೇ ಹೆಚ್ಚು. ನೂರು ಮಿಲಿಸೆಕೆಂಡ್ ಹಿಂದಿನದನ್ನು ತೋರಿಸುತ್ತಿದ್ದೇವೆಂದರೆ ಬಫರಿನಲ್ಲಿ ಆ ಪಾತ್ರದ ಮುಂದಿನ ನೂರು ಮಿಲಿಸೆಕೆಂಡಿನ ಭವಿಷ್ಯ ಬಿದ್ದಿದೆ ಎಂದರ್ಥ. ಅವನು ಎಲ್ಲಿ ನಿಲ್ಲುತ್ತಾನೆಂಬುದು ಕಾಣುವ ದೇಹ ಅಲ್ಲಿಗೆ ತಲುಪುವ ಮೊದಲೇ ಗೊತ್ತು. ನಿಲ್ಲುವ ಅನಿಮೇಷನ್ನನ್ನು ಅಷ್ಟು ಮೊದಲೇ ಶುರುಮಾಡಿ, ಉಳಿದ ದೂರಕ್ಕೆ ತಕ್ಕ ಭಂಗಿಯನ್ನು ಆರಿಸುತ್ತಾ ಹೋದರೆ ಪಾದ ಸರಿಯಾದ ಜಾಗದಲ್ಲಿ ಊರುತ್ತದೆ. ದೂರ ನೋಡಿ ಭಂಗಿ ಆರಿಸುವ ಈ ವಿಧಾನವನ್ನು ಎಪಿಕ್ ಗೇಮ್ಸ್‌ನ ಲೊರಾಂ ಡೆಲಾಯೆನ್ 2016ರಲ್ಲಿ ಪ್ಯಾರಗಾನ್ ಗೇಮ್‌ನ ಪಾತ್ರಗಳ ಮೂಲಕ ವಿವರಿಸಿದರು.

ಭಂಗಿಯ ಜಿಗಿತ ಮತ್ತು ಘಟನೆಗಳ ಹೊತ್ತು

ಸ್ಥಾನ ಸರಿಯಿದ್ದೂ ಭಂಗಿ ಹಾರಬಹುದು. ಓಡುತ್ತಿದ್ದಾನೆಂದು ನಾವು ತೋರಿಸುತ್ತಿದ್ದವನು ಆಗಲೇ ಕುಕ್ಕರಿಸಿ ಗುರಿಯಿಟ್ಟಿದ್ದಾನೆಂಬ ಸುದ್ದಿ ತಡವಾಗಿ ಬರುತ್ತದೆ. ಎರಡು ಅನಿಮೇಷನ್‌ಗಳನ್ನು ಒಟ್ಟಿಗೆ ಆಡಿಸಿ ಬೆರೆಸುವುದು ಹಳೆಯ ರೂಢಿ. ತಿದ್ದುಪಡಿಗಳು ಒಂದರ ಮೇಲೊಂದು ಬರುವಾಗ ಬೆರಕೆಯ ಮಧ್ಯೆ ಬೆರಕೆ ಸೇರಿ ಅದು ತೊಡಕಾಗುತ್ತದೆ. ಗಿಯರ್ಸ್ ಆಫ್ ವಾರ್ ತಂಡದ ಡೇವಿಡ್ ಬೊಲ್ಲೊ 2018ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ ಇನರ್ಶಿಯಲೈಸೇಷನ್ ಇದಕ್ಕೆ ಹೇಳಿಮಾಡಿಸಿದಂತಿದೆ. ಹೊಸ ಅನಿಮೇಷನ್ನಿಗೆ ಕೂಡಲೇ ದಾಟಿಬಿಡುವುದು. ಆ ಕ್ಷಣದಲ್ಲಿ ಪ್ರತಿ ಮೂಳೆಯ ಹಳೆಯ ಮತ್ತು ಹೊಸ ಸ್ಥಿತಿಯ ವ್ಯತ್ಯಾಸವನ್ನೂ ಅದರ ವೇಗವನ್ನೂ ಬರೆದಿಟ್ಟುಕೊಂಡು ಐದನೆಯ ಘಾತದ ಬಹುಪದಿಯಿಂದ ಸೊನ್ನೆಗೆ ಇಳಿಸುವುದು. ಮೆಶ್‌ನ ಅಂತರವನ್ನು ಕರಗಿಸುವ ಕೆಲಸವೇ ಇದು, ಇಡೀ ದೇಹಕ್ಕೆ ಒಂದರ ಬದಲು ಮೂಳೆಗೊಂದು.

ಗುಂಡು ಹಾರಿಸುವುದು, ನೆಲಕ್ಕೆ ಇಳಿಯುವುದು, ಪೆಟ್ಟು ತಿನ್ನುವುದು ಇವು ಒಮ್ಮೆ ಆಗಿ ಮುಗಿಯುವ ಘಟನೆಗಳು. ಇವನ್ನು ಸಂದೇಶ ಬಂದ ಕ್ಷಣವೇ ಆಡಿಸುವ ಅಭ್ಯಾಸದಿಂದ ವಿಚಿತ್ರ ದೃಶ್ಯಗಳು ಹುಟ್ಟುತ್ತವೆ: ನೆಗೆದವನು ಇನ್ನೂ ಗಾಳಿಯಲ್ಲಿರುವಾಗಲೇ ಮಂಡಿ ಮಡಚಿ ನೆಲಕ್ಕಿಳಿದಂತೆ ಮಾಡುತ್ತಾನೆ, ಧೂಳೂ ಏಳುತ್ತದೆ, ದೇಹ ಹತ್ತನೆಯ ಒಂದು ಸೆಕೆಂಡ್ ಬಿಟ್ಟು ಕೆಳಗೆ ಬರುತ್ತದೆ. ಸ್ಥಾನಕ್ಕೆ ಎಷ್ಟು ಹಿನ್ನಡೆಯೋ ಘಟನೆಗೂ ಅಷ್ಟೇ ಇರಬೇಕು, ಎರಡೂ ಒಂದೇ ಸಮಯದ ಸಾಲಿನಲ್ಲಿ ಕಾಯಬೇಕು. ಉದ್ದನೆಯ ಅನಿಮೇಷನ್ ತಡವಾಗಿ ತಿಳಿದುಬಂದರೆ ಮೊದಲಿನಿಂದ ಆಡಿಸದೆ ನಡುವಿನಿಂದ ಹಿಡಿದುಕೊಳ್ಳಬೇಕು. ಅನ್‌ರಿಯಲ್‌ನ ಗೇಮ್‌ಪ್ಲೇ ಎಬಿಲಿಟಿ ವ್ಯವಸ್ಥೆ ಸರ್ವರಿನ ಅನಿಮೇಷನ್ನಿನ ಹೊತ್ತಿಗೂ ನಮ್ಮದಕ್ಕೂ 0.1 ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ಮಾತ್ರ ತಿದ್ದುತ್ತದೆ, ಅದಕ್ಕಿಂತ ಕಡಿಮೆಯನ್ನು ತಿದ್ದಲು ಹೋದರೆ ತಿದ್ದುಪಡಿಯೇ ಎದ್ದು ಕಾಣುತ್ತದೆ.

ಮಿತಿಗಳು

ನಯಗೊಳಿಸಿದ ದೇಹ ಸರ್ವರಿನಲ್ಲಿರುವ ದೇಹವಲ್ಲ. ಶೂಟಿಂಗ್ ಗೇಮ್‌ನಲ್ಲಿ ಇದರ ಬೆಲೆಯನ್ನು ತೆರುವವನು ಗುರಿಯಿಟ್ಟವನು. ಇಂಟರ್‌ಪೊಲೇಷನ್‌ನಲ್ಲಿ ತೋರಿಸಿದ ಕ್ಷಣ ಯಾವುದೆಂದು ಖಚಿತವಾಗಿ ಗೊತ್ತಿರುವುದರಿಂದ ಸರ್ವರ್ ಎದುರಾಳಿಗಳನ್ನು ಆ ಕ್ಷಣಕ್ಕೆ ಹಿಂದೆ ಸರಿಸಿ ಗುಂಡು ತಾಗಿತೇ ಎಂದು ನೋಡಬಹುದು. ಸೋರ್ಸ್ ಎಂಜಿನ್ ಹಾಗೆಯೇ ಮಾಡುತ್ತದೆ. ಮೆಶ್‌ನ ಅಂತರ ಕರಗಿಸುವ ದಾರಿಯಲ್ಲಿ ಈ ಸೌಲಭ್ಯವಿಲ್ಲ. ಪ್ರತಿ ಪರದೆಯಲ್ಲಿ ಅಂತರ ಬೇರೆ ಬೇರೆ, ಅದು ಸರ್ವರಿಗೆ ತಿಳಿಯದು. ಮೇಲಿನ ಪ್ರಸಂಗದಲ್ಲಿ ಜಾರುತ್ತಿದ್ದ ಸೈನಿಕನ ಎದೆಗೆ ಮೂರನೆಯ ಫ್ರೇಮಿನಲ್ಲಿ ಗುರಿಯಿಟ್ಟರೆ ಕ್ಯಾಪ್ಸೂಲ್ ಅಲ್ಲಿಂದ ಅರ್ಧ ಮೀಟರ್ ಆಚೆ ಇರುತ್ತದೆ.

ಹಿನ್ನಡೆಗೂ ದಂಡವಿದೆ. ಮೂಲೆಯಿಂದ ಹೊರಬರುವವನು ಕಾದು ಕುಳಿತವನನ್ನು ಮೊದಲು ಕಾಣುತ್ತಾನೆ, ಏಕೆಂದರೆ ಕಾದವನ ಪರದೆಯಲ್ಲಿ ಅವನು ಇನ್ನೂ ಮೂಲೆಯ ಹಿಂದೆಯೇ ಇದ್ದಾನೆ. ರಾಯಟ್ ಗೇಮ್ಸ್ ತನ್ನ ವ್ಯಾಲರಂಟ್‌ಗಾಗಿ ಸೆಕೆಂಡಿಗೆ 128 ಬಾರಿ ಲೆಕ್ಕ ಹಾಕುವ ಸರ್ವರ್‌ಗಳನ್ನು ಇಟ್ಟದ್ದು ಈ ಅನ್ಯಾಯವನ್ನು ಕುಗ್ಗಿಸಲೆಂದು. ಅಲ್ಲಿ ಎರಡು ಸ್ಥಿತಿಗಳ ನಡುವಿನ ಅಂತರ 8 ಮಿಲಿಸೆಕೆಂಡಿಗೂ ತುಸು ಕಡಿಮೆ, ಹಾಗಾಗಿ ಬಫರ್ ತೀರ ಚಿಕ್ಕದಾದರೂ ಸಾಲುತ್ತದೆ. ಸಹಕಾರದ ಗೇಮ್‌ನಲ್ಲಿ, ಊರಿನ ಚೌಕದಲ್ಲಿ ಜನ ಅಡ್ಡಾಡುವ ಆನ್‌ಲೈನ್ ಲೋಕದಲ್ಲಿ 200 ಮಿಲಿಸೆಕೆಂಡ್ ಹಿನ್ನಡೆಯೂ ಯಾರಿಗೂ ತೊಂದರೆ ಕೊಡದು. ಅಲ್ಲಿ ಅದನ್ನು ಧಾರಾಳವಾಗಿ ಇಟ್ಟುಕೊಂಡು ಊಹೆಯನ್ನೇ ಕೈಬಿಡುವುದು ಜಾಣತನ. ಕೈಕೈ ಮಿಲಾಯಿಸುವ ಕಾಳಗಕ್ಕೆ ಇವೆರಡೂ ಸಾಲವು. ಇಬ್ಬರ ದೇಹಗಳು ಪರಸ್ಪರ ಹಿಡಿದುಕೊಂಡಾಗ ಒಬ್ಬ ಈಗಿನ ಹೊತ್ತಿನಲ್ಲೂ ಇನ್ನೊಬ್ಬ ಹಿಂದಿನ ಹೊತ್ತಿನಲ್ಲೂ ಇರುವಂತಿಲ್ಲ.

ಪರೀಕ್ಷೆ

ಕಚೇರಿಯ ಒಳಜಾಲದಲ್ಲಿ ಈ ದೋಷಗಳು ಒಂದೂ ಕಾಣಿಸುವುದಿಲ್ಲ, ಆದ್ದರಿಂದ ಜಾಲವನ್ನು ಬೇಕೆಂದೇ ಕೆಡಿಸಿ ನೋಡಬೇಕು. ಲಿನಕ್ಸ್ ಯಂತ್ರದಲ್ಲಿ ಒಂದು ಸಾಲು ಸಾಕು:

```
tc qdisc add dev eth0 root netem delay 80ms 20ms loss 2%
```

ಇದು 80 ಮಿಲಿಸೆಕೆಂಡ್ ವಿಳಂಬ, ಆಚೀಚೆ 20ರ ಏರಿಳಿತ, ನೂರಕ್ಕೆ ಎರಡು ನಷ್ಟ ಕೊಡುತ್ತದೆ. ಅನ್‌ರಿಯಲ್‌ನಲ್ಲಿ `NetEmulation.PktLag 80`, ಸೋರ್ಸ್‌ನಲ್ಲಿ `net_fakelag 80` ಎಂದು ಕನ್ಸೋಲಿನಲ್ಲಿ ಬರೆದರೂ ವಿಳಂಬದ ಮಟ್ಟಿಗೆ ಆಗುತ್ತದೆ. ಮೊದಲು ಏರಿಳಿತವಿಲ್ಲದ ವಿಳಂಬವನ್ನಷ್ಟೇ ಹಾಕಬೇಕು. ಅಷ್ಟಕ್ಕೇ ಚಲನೆ ನಡುಗಿದರೆ ತಪ್ಪು ಜಾಲದ್ದಲ್ಲ, ಗಡಿಯಾರದ ಲೆಕ್ಕದ್ದು. ಏರಿಳಿತ ಸೇರಿಸಿದಾಗ ಮಾತ್ರ ನಡುಗಿದರೆ ಬಫರ್ ಚಿಕ್ಕದು, ಇಲ್ಲವೇ ಯಾರೋ ಬಂದ ಸಮಯವನ್ನು ಬಳಸಿದ್ದಾರೆ. ನಷ್ಟ ಸೇರಿಸಿದಾಗ ಓಟದಲ್ಲಿ ಏನೂ ಆಗದೆ ನಿಲ್ಲುವಾಗ, ತಿರುಗುವಾಗ ಮಾತ್ರ ಕೆಟ್ಟರೆ ಊಹೆ ಅತಿಯಾಗಿದೆ.

ಕ್ಯಾಪ್ಸೂಲನ್ನು ಒಂದು ಬಣ್ಣದ ಗೆರೆಗಳಲ್ಲಿ, ಮೆಶ್ ಸಾಗಿದ ಜಾಡನ್ನು ಇನ್ನೊಂದರಲ್ಲಿ ಬಿಡಿಸಿಕೊಂಡರೆ ಅರ್ಧ ವಾದಗಳು ಅಲ್ಲೇ ಮುಗಿಯುತ್ತವೆ. ಪಾದಗಳಿಗೆ ಇನ್ನೊಂದು ಸರಳ ಅಳತೆ ಇದೆ: ಪಾದ ನೆಲ ಮುಟ್ಟಿದೆ ಎಂದು ಅನಿಮೇಷನ್ ಹೇಳುವ ಫ್ರೇಮುಗಳಲ್ಲಿ ಅದು ಲೋಕದಲ್ಲಿ ಎಷ್ಟು ಸರಿಯಿತು ಎಂದು ಕೂಡುತ್ತಾ ಹೋಗುವುದು. ಪಾತ್ರವನ್ನು ನೇರ ಓಡಿಸಿ, ಥಟ್ಟನೆ ನಿಲ್ಲಿಸಿ, ಹಿಂದೆ ತಿರುಗಿಸಿ, ಮೆಟ್ಟಿಲು ಹತ್ತಿಸಿ, ಚಲಿಸುವ ಲಿಫ್ಟಿನ ಮೇಲೆ ನಿಲ್ಲಿಸಿ ಈ ಮೊತ್ತವನ್ನು ಬರೆದಿಟ್ಟರೆ, T ಯನ್ನು ಬದಲಿಸಿದ್ದು ನಿಜಕ್ಕೂ ಸಹಾಯ ಮಾಡಿತೇ ಎಂದು ಕಣ್ಣಂದಾಜಿಲ್ಲದೆ ಹೇಳಬಹುದು. ಲಿಫ್ಟಿನ ಸಾಲಿನಲ್ಲಿ ಮಾತ್ರ ಮೊತ್ತ ಏರಿದ್ದರೆ ಸ್ಥಾನವನ್ನು ಲೋಕದ ಲೆಕ್ಕದಲ್ಲಿ ಕಳಿಸಲಾಗುತ್ತಿದೆ ಎಂದೇ ತಿಳಿಯಬೇಕು. ಲಿಫ್ಟು ಮತ್ತು ಪಾತ್ರ ಬೇರೆ ಬೇರೆ ಹಿನ್ನಡೆಯಲ್ಲಿ ಚಲಿಸುತ್ತಿರುತ್ತವೆ. ಪಾತ್ರದ ಸ್ಥಾನವನ್ನು ಲಿಫ್ಟಿಗೆ ಸಾಪೇಕ್ಷವಾಗಿ ಕಳಿಸಿ, ಆ ಸಾಪೇಕ್ಷ ಸ್ಥಾನವನ್ನೇ ನಯಗೊಳಿಸಿದರೆ ಪಾದ ಹಲಗೆಯ ಮೇಲೆ ನಿಲ್ಲುತ್ತದೆ.